ಮಗ ಬದಲಾಗಿದ್ದಾನೆ ಅನ್ನಿಸಿದಾಗ: ಸ್ಕಿಜೋಫ್ರೀನಿಯಾದ ಮೊದಲ ವರ್ಷವನ್ನು ಮನೆಯವರು ನಿಭಾಯಿಸುವುದು ಹೇಗೆ?

ಪ್ರಶಾಂತ ಎಂದು ಹೆಸರಿಡೋಣ. ಹಲವು ಮನೆಗಳಲ್ಲಿ ನಡೆಯುವುದನ್ನು ಕೂಡಿಸಿ ಕಟ್ಟಿದ ಹುಡುಗ ಇವನು. ಮನೆ ದಾವಣಗೆರೆ, ಓದುವುದು ಹಾಸನದ ಹಾಸ್ಟೆಲ್‌ನಲ್ಲಿದ್ದುಕೊಂಡು ಎಂಜಿನಿಯರಿಂಗ್, ವಯಸ್ಸು 20. ಮೂರು ಸೆಮಿಸ್ಟರ್ ಒಂದೂ ಬ್ಯಾಕ್‌ಲಾಗ್ ಇಲ್ಲದೆ ದಾಟಿದವನು ನಾಲ್ಕನೆಯದರಲ್ಲಿ ನಾಲ್ಕು ವಿಷಯ ಫೇಲಾದ. ಅಪ್ಪ ಮೊಬೈಲಿನ ಮೇಲೆ ತಪ್ಪು ಹೊರಿಸಿದರು, ಅಮ್ಮ ಹಾಸ್ಟೆಲ್ ಊಟದ ಮೇಲೆ. ಲವ್ ಫೇಲ್ಯೂರ್ ಇರಬೇಕು ಅಂದದ್ದು ಚಿಕ್ಕಪ್ಪ.

ಸ್ಕಿಜೋಫ್ರೀನಿಯಾ ಹುಡುಗರಲ್ಲಿ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ 25ರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಹುಡುಗಿಯರಲ್ಲಿ ಕೆಲವು ವರ್ಷ ತಡ. ಅಂದರೆ ಪರೀಕ್ಷೆ, ಪ್ರೀತಿ, ಕೆಲಸದ ಹುಡುಕಾಟ ಎಲ್ಲವೂ ಇರುವ ವಯಸ್ಸಿನಲ್ಲೇ. ಆದ್ದರಿಂದ ನೆಪಗಳಿಗೆ ಬರವಿರುವುದಿಲ್ಲ, ತಿಂಗಳುಗಳು ಕಳೆದುಹೋಗುತ್ತವೆ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ.

ಹೆಜ್ಜೆ 1: ತಾರೀಖು ಹಾಕಿ ಬರೆದಿಡಿ

ಮಗನನ್ನು ಪಕ್ಕದ ಮನೆ ಹುಡುಗನ ಜೊತೆ ಹೋಲಿಸಬೇಡಿ. ಒಂದು ವರ್ಷದ ಹಿಂದೆ ಅವನೇ ಹೇಗಿದ್ದ ಎಂದು ನೋಡಿ. ಮೊದಲು ಕಾಣುವುದು ಜೋರಾದ ಲಕ್ಷಣಗಳಲ್ಲ. ಪ್ರಶಾಂತ ರಾತ್ರಿ ಮೂರರ ತನಕ ಎದ್ದಿದ್ದು ಹಗಲು ಮಲಗತೊಡಗಿದ. ಸ್ನಾನ ವಾರಕ್ಕೊಮ್ಮೆ ಆಯಿತು. ಕ್ರಿಕೆಟ್ ಬಿಟ್ಟ, ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಿಂದ ಒಂದೊಂದಾಗಿ ಹೊರಬಂದ. ತಮಾಷೆಗೆ ನಗುತ್ತಿರಲಿಲ್ಲ, ಯಾರೂ ಮಾತಾಡದಿದ್ದಾಗ ಒಬ್ಬನೇ ಮುಗುಳ್ನಗುತ್ತಿದ್ದ. ಇವುಗಳಲ್ಲಿ ಯಾವುದೇ ಒಂದನ್ನು ಹಿಡಿದು ಗಾಬರಿಯಾಗಬೇಕಿಲ್ಲ. ಇಂಥ ಹುಡುಗರಲ್ಲಿ ಹೆಚ್ಚಿನವರಿಗೆ ಸ್ಕಿಜೋಫ್ರೀನಿಯಾ ಬರುವುದೂ ಇಲ್ಲ. ಖಿನ್ನತೆಯಲ್ಲೂ ಗಾಂಜಾ ಸೇವನೆಯಲ್ಲೂ ಇವೇ ಕಾಣುತ್ತವೆ. ಆದರೆ ನಿದ್ದೆ, ಓದು, ಸ್ನಾನ, ಸ್ನೇಹ ನಾಲ್ಕೂ ಒಟ್ಟಿಗೆ ಕುಸಿದು ತಿಂಗಳಾದರೂ ಮೇಲೇಳದಿದ್ದರೆ ಕಾರಣ ಯಾವುದೇ ಇರಲಿ, ವೈದ್ಯರ ಬಳಿ ಹೋಗುವ ಹೊತ್ತಾಗಿದೆ.

ಪ್ರಶಾಂತನ ವಿಷಯದಲ್ಲಿ ಅನುಮಾನಕ್ಕೆ ಜಾಗವೇ ಉಳಿಯದಂತೆ ಆದದ್ದು ಐದನೇ ತಿಂಗಳಲ್ಲಿ. ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಟೇಪು ಅಂಟಿಸಿದ. ಅದನ್ನು ಬುದ್ಧಿವಂತರೂ ಮಾಡುತ್ತಾರೆ, ಬಿಡಿ. ಆದರೆ ರೂಮ್‌ಮೇಟ್ ತನ್ನ ಮನಸ್ಸಿನಲ್ಲಿರುವುದನ್ನು ಓದಿ ಇಡೀ ಹಾಸ್ಟೆಲ್‌ಗೆ ಹೇಳುತ್ತಿದ್ದಾನೆ ಎಂದು ವಾರ್ಡನ್‌ಗೆ ದೂರು ಕೊಟ್ಟ. ಇಬ್ಬರು ಗಂಡಸರು ತನ್ನ ಬಗ್ಗೆಯೇ ಮಾತಾಡಿಕೊಳ್ಳುವುದು ಕೇಳಿಸುತ್ತದೆ ಎಂದು ಕಿವಿಗೆ ಹತ್ತಿ ತುರುಕಿಕೊಂಡ. ಇಲ್ಲದ ದನಿ ಕೇಳುವುದು, ಎಷ್ಟು ಸಾಕ್ಷಿ ಕೊಟ್ಟರೂ ಕದಲದ ನಂಬಿಕೆ, ತನ್ನ ಯೋಚನೆ ತನ್ನದಾಗಿ ಉಳಿದಿಲ್ಲ ಎಂಬ ಅನುಭವ ಬಂದಮೇಲೆ ಕಾಯಬಾರದು.

ಇದನ್ನೆಲ್ಲ ಒಂದು ಹಾಳೆಯಲ್ಲಿ ತಿಂಗಳುವಾರು ಬರೆಯಿರಿ. ವೈದ್ಯರ ಮುಂದೆ ಹತ್ತು ನಿಮಿಷ ಸರಿಯಾಗಿ ಮಾತಾಡುವ ಹುಡುಗರಿದ್ದಾರೆ. ಆಗ ಈ ಹಾಳೆಯೇ ರೋಗದ ಚರಿತ್ರೆ. ಜ್ವರ, ಫಿಟ್ಸ್, ದಿನ ಯಾವುದು ಊರು ಯಾವುದು ಎಂಬುದೇ ತಿಳಿಯದ ಗೊಂದಲ ಜೊತೆಗಿದ್ದರೆ ಮಾತ್ರ ದಾರಿ ಬೇರೆ. ಅದು ಮೆದುಳಿನ ಸೋಂಕೂ ಆಗಿರಬಹುದು, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಹೆಜ್ಜೆ 2: ಕರೆದೊಯ್ಯುವಾಗ ವಾದ ಬೇಡ

‘ನಿನಗೆ ಯಾರ ದನಿಯೂ ಕೇಳಿಸ್ತಿಲ್ಲ, ಎಲ್ಲ ಭ್ರಮೆ’ ಎಂದರೆ ಅವನು ನಿಮ್ಮನ್ನೂ ಶತ್ರುಗಳ ಪಟ್ಟಿಗೆ ಸೇರಿಸುತ್ತಾನೆ. ‘ಹೌದಪ್ಪ, ರೂಮ್‌ಮೇಟ್ ಕೆಟ್ಟವನೇ’ ಎಂದು ತಲೆಯಾಡಿಸಿದರೆ ಭ್ರಾಂತಿಗೆ ಸಾಕ್ಷಿ ಸಿಕ್ಕಂತಾಗುತ್ತದೆ. ಪ್ರಶಾಂತನ ಅಮ್ಮ ಹೇಳಿದ್ದು ಹೀಗೆ: ‘ಪುಟ್ಟಾ, ನನಗೆ ಆ ದನಿ ಕೇಳಿಸ್ತಿಲ್ಲ. ಆದ್ರೆ ನಿನಗೆ ಕೇಳಿಸ್ತದೆ ಅಂತ ಗೊತ್ತು. ನಿದ್ದಿ ಇಲ್ದೆ ಎಷ್ಟು ದಿನ ಆತು? ಅದಕ್ಕಾದ್ರೂ ಡಾಕ್ಟರ್ ಹತ್ರ ಹೋಗೋಣ ಬಾ.’ ತನಗೆ ಕಾಯಿಲೆಯಿದೆ ಎಂದು ಒಪ್ಪದವರೂ ನಿದ್ದೆಯಿಲ್ಲ ಎಂಬುದನ್ನು ಒಪ್ಪುತ್ತಾರೆ.

ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗುವ ಹಿರಿಯರ ಜೊತೆ ಜಗಳ ಬೇಡ. ಅದೇ ವಾರ ಆಸ್ಪತ್ರೆಗೂ ಹೋಗಬೇಕು ಎಂಬ ಒಂದು ಷರತ್ತು ಸಾಕು. ಕಟ್ಟಿಹಾಕುವುದು ಮಾತ್ರ ಎಲ್ಲೂ ಬೇಡ. ಸರಪಳಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದು ಬರಲು ಒಪ್ಪದವರನ್ನು, ತಜ್ಞರು ಪರೀಕ್ಷಿಸಿದ ಮೇಲೆ, ಮೊದಲಿಗೆ 30 ದಿನಗಳವರೆಗೆ ದಾಖಲಿಸಿಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ.

ಹೆಜ್ಜೆ 3: ಮಾತ್ರೆ ಏನು ಮಾಡುತ್ತದೆಂದು ತಿಳಿದುಕೊಳ್ಳಿ

ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ‘ಇದು ಮುಖ್ಯ, ಇದನ್ನು ಗಮನಿಸು’ ಎಂಬ ಸಂದೇಶ ಸಾಗಿಸುವುದು ಅದರ ಕೆಲಸಗಳಲ್ಲೊಂದು. ಈ ಕಾಯಿಲೆಯಲ್ಲಿ ಮೆದುಳಿನ ಒಂದು ಭಾಗದಲ್ಲಿ ಡೋಪಮೈನ್ ಅತಿಯಾಗಿ ಸುರಿಯುತ್ತದೆ. ಆಗ ದಾರಿಹೋಕ ಕೆಮ್ಮಿದ್ದೂ ಬೈಕಿನ ನಂಬರ್ ಪ್ಲೇಟೂ ತನಗಾಗಿಯೇ ಬಂದ ಸೂಚನೆಗಳಂತೆ ಕಾಣುತ್ತವೆ. ಭ್ರಾಂತಿ ಅಲ್ಲಿಂದ ಬೆಳೆಯುತ್ತದೆ.

ಡೋಪಮೈನ್ ಬಂದು ಕೂರುವ ಗ್ರಾಹಕಗಳ ಪೈಕಿ ಡಿ2 ಎಂಬುದು ಇಲ್ಲಿ ಮುಖ್ಯ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹೆಚ್ಚಿನ ಮಾತ್ರೆಗಳು ಡಿ2ನಲ್ಲಿ ಮಾಡುವುದು ಅದನ್ನೇ. ತಾವೇನೂ ಸಂದೇಶ ಕೊಡುವುದಿಲ್ಲ, ಜಾಗ ಮಾತ್ರ ಹಿಡಿಯುತ್ತವೆ. ಸುಮಾರು ಶೇ 65ರಷ್ಟು ಸೀಟಿಗೆ ಟವೆಲ್ ಬಿದ್ದರೆ ಪರಿಣಾಮ ಕಾಣುತ್ತದೆ. ಶೇ 80 ದಾಟಿದರೆ ಕೈ ನಡುಕ, ಮೈ ಬಿಗಿತ ಶುರು. ಏಕೆಂದರೆ ಕೈಕಾಲಿನ ಚಲನೆಗೂ ಇದೇ ಡೋಪಮೈನ್ ಬೇಕು. ಡೋಸ್ ಹೆಚ್ಚಿಸಿದರೆ ಬೇಗ ವಾಸಿಯಾಗುವುದಿಲ್ಲ ಎಂಬುದಕ್ಕೆ ಕಾರಣ ಇಷ್ಟೇ. ಪ್ಯಾರಿಸ್‌ನಲ್ಲಿ 1952ರಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್‌ನಿಂದ ಇಂದಿನ ರಿಸ್ಪೆರಿಡೋನ್, ಒಲಾಂಜಪೀನ್‌ವರೆಗೆ ಬಹುಪಾಲು ಔಷಧಗಳು ಈ ದಾರಿಯಲ್ಲೇ ಕೆಲಸ ಮಾಡುತ್ತವೆ.

ಪ್ರಶಾಂತನಿಗೆ ವೈದ್ಯರು ರಾತ್ರಿ 2 ಮಿಲಿಗ್ರಾಂ ರಿಸ್ಪೆರಿಡೋನ್‌ನಿಂದ ಆರಂಭಿಸಿ 4ಕ್ಕೆ ಏರಿಸಿದರು. ಮೊದಲ ವಾರದಲ್ಲಿ ನಿದ್ದೆ ಬಂತು, ಸಿಡುಕು ಇಳಿಯಿತು. ದನಿಗಳು ಎರಡು ವಾರದ ಮೇಲೆ ದೂರ ಸರಿದವು, ಆರನೇ ವಾರದ ಹೊತ್ತಿಗೆ ಹೆಚ್ಚುಕಡಿಮೆ ನಿಂತವು. ರೂಮ್‌ಮೇಟ್ ಬಗೆಗಿನ ನಂಬಿಕೆ ಎಲ್ಲಕ್ಕಿಂತ ಕೊನೆಗೆ ಸಡಿಲವಾಯಿತು. ಐದು ದಿನಕ್ಕೇ ‘ಮಾತ್ರೆ ಹಿಡಿಸಲಿಲ್ಲ’ ಎಂದು ಡಾಕ್ಟರ್ ಬದಲಿಸುವವರು ಈ ಅನುಕ್ರಮವನ್ನು ನೆನಪಿಡಬೇಕು.

ಮನೆಯವರು ಎಡವುವ ಜಾಗ ಇಲ್ಲೊಂದಿದೆ. ಹತ್ತನೇ ದಿನ ಪ್ರಶಾಂತ ಕೂತಲ್ಲಿ ಕೂರಲಾರದೆ ಹಾಲ್‌ನಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಹಾಲ್‌ಗೆ ಓಡಾಡತೊಡಗಿದ. ಕಾಯಿಲೆ ಕೆರಳಿತೆಂದು ಅಪ್ಪ ಇನ್ನೊಂದು ಮಾತ್ರೆ ಕೊಡಲು ಹೊರಟಿದ್ದರು. ಅದು ಕಾಯಿಲೆಯಲ್ಲ, ಅಕಥೀಸಿಯಾ ಎಂಬ ಅಡ್ಡಪರಿಣಾಮ. ಇನ್ನೊಂದು ಮಾತ್ರೆ ಕೊಟ್ಟಿದ್ದರೆ ಚಡಪಡಿಕೆ ಹೆಚ್ಚುತ್ತಿತ್ತು. ‘ಒಳಗೆ ಏನು ಅನ್ನಿಸ್ತದೆ?’ ಎಂದು ಕೇಳಿದರೆ ಗೊತ್ತಾಗುತ್ತದೆ. ‘ಕಾಲು ನಿಲ್ಲೋದೇ ಇಲ್ಲ’ ಎಂದರೆ ಬಹುಶಃ ಅಕಥೀಸಿಯಾ, ‘ಅವರು ಬರ್ತಿದ್ದಾರೆ’ ಎಂದರೆ ಕಾಯಿಲೆ. ವೈದ್ಯರು ಡೋಸ್ ಇಳಿಸಿ ಪ್ರೊಪ್ರನೊಲಾಲ್ ಸೇರಿಸಿದರು, ಶಮನವಾಯಿತು. ಕುತ್ತಿಗೆಯೋ ನಾಲಿಗೆಯೋ ಒಮ್ಮೆಲೇ ಸೆಳೆದುಕೊಂಡರೆ ಒಂದು ಇಂಜೆಕ್ಷನ್‌ಗೆ ಇಳಿಯುತ್ತದೆ, ಅಂದೇ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಮೈಯೆಲ್ಲ ಸೆಟೆದುಕೊಳ್ಳುವುದು ಅಪರೂಪ. ಆದರೆ ಪ್ರಾಣಾಪಾಯ, ತುರ್ತು.

ಒಲಾಂಜಪೀನ್‌ನಲ್ಲಿ ಹಸಿವು, ತೂಕ, ಸಕ್ಕರೆ ಏರುತ್ತವೆ. ಆರಂಭದಲ್ಲಿ ತೂಕವನ್ನೂ ಸಕ್ಕರೆಯನ್ನೂ ನೋಡಿಸಿ, ಮೂರು ತಿಂಗಳಿಗೆ ಮತ್ತೆ ನೋಡಿಸಿ. ಬೀಡಿ, ಸಿಗರೇಟು ಸೇದುವವರ ರಕ್ತದಲ್ಲಿ ಈ ಔಷಧದ ಪ್ರಮಾಣ ಇಳಿಯುವುದರಿಂದ ಸೇದುವುದನ್ನೂ ಬಿಡುವುದನ್ನೂ ವೈದ್ಯರಿಗೆ ಹೇಳಬೇಕು. ರಿಸ್ಪೆರಿಡೋನ್‌ನಿಂದ ಹುಡುಗಿಯರಿಗೆ ಮುಟ್ಟು ನಿಲ್ಲಬಹುದು. ಅದನ್ನು ಹೇಳಿಕೊಳ್ಳಲಾಗದೆ ಮಾತ್ರೆಯನ್ನೇ ಬಿಡುವವರಿದ್ದಾರೆ, ಔಷಧ ಬದಲಿಸಿದರೆ ಸರಿಹೋಗುತ್ತದೆ. ಎರಡು ಬೇರೆ ಔಷಧಗಳನ್ನು ಸಾಕಷ್ಟು ಡೋಸ್‌ನಲ್ಲಿ ಆರಾರು ವಾರ ಕೊಟ್ಟರೂ ಗುಣ ಕಾಣದಿದ್ದರೆ ಕ್ಲೋಜಪೀನ್ ಇದೆ. ಅದರಿಂದ ಬಿಳಿ ರಕ್ತಕಣಗಳು ಅಪಾಯಕರವಾಗಿ ಇಳಿಯುವ ಸಾಧ್ಯತೆ ಇರುವುದರಿಂದ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಬೇಕು. ಆ ರಗಳೆಗೆ ಹೆದರಿ ವರ್ಷಗಟ್ಟಲೆ ಮುಂದೂಡುವುದು ನನ್ನ ಪ್ರಕಾರ ದೊಡ್ಡ ನಷ್ಟ.

ಹೆಜ್ಜೆ 4: ಮನೆಯ ಮಾತಿನ ಬಿಸಿ ಇಳಿಸಿ

ಲಂಡನ್ನಿನಲ್ಲಿ 1950ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಒಂದು ವಿಚಿತ್ರ ಗಮನಿಸಿದರು. ಆಸ್ಪತ್ರೆಯಿಂದ ತಂದೆತಾಯಿ, ಗಂಡ, ಹೆಂಡತಿಯ ಜೊತೆ ವಾಸಕ್ಕೆ ಹೋದವರಲ್ಲಿ, ಬಾಡಿಗೆ ಕೋಣೆಗೆ ಹೋದವರಿಗಿಂತ ಹೆಚ್ಚು ಮಂದಿಗೆ ಕಾಯಿಲೆ ಮರುಕಳಿಸುತ್ತಿತ್ತು. ಬಗೆದು ನೋಡಿದಾಗ ಸಿಕ್ಕಿದ್ದು ಮೂರು: ಸದಾ ಟೀಕೆ, ದ್ವೇಷ, ಅತಿಯಾದ ಕಾಳಜಿ. ಇವು ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಮರಳಿ ಕರೆಯುತ್ತವೆ. ಮುಂದೆ ಚಂಡೀಗಢದಲ್ಲಿ ಇದೇ ಅಧ್ಯಯನ ಮಾಡಿದಾಗ ಇಂಥ ಮನೆಗಳು ಲಂಡನ್ನಿಗಿಂತ ಕಡಿಮೆಯಿದ್ದವು. ಅದನ್ನು ಕೇಳಿ ಬೀಗುವ ಮುನ್ನ ನಮ್ಮ ಮನೆಯ ಊಟದ ಹೊತ್ತಿನ ಮಾತನ್ನು ಒಮ್ಮೆ ಕೇಳಿಸಿಕೊಂಡರೆ ಒಳ್ಳೆಯದು.

ಚಿಕಿತ್ಸೆಯ ನಾಲ್ಕನೇ ತಿಂಗಳು. ಪ್ರಶಾಂತನಿಗೆ ದನಿ ಇಲ್ಲ, ಭ್ರಾಂತಿ ಇಲ್ಲ. ಆದರೆ ಹಗಲೆಲ್ಲ ಮಂಚದ ಮೇಲೆ. ‘ಗುಣ ಆಯ್ತಲ್ಲ, ಈಗ ಸೋಮಾರಿತನ’ ಎಂದರು ಅಪ್ಪ. ಉತ್ಸಾಹ ಬತ್ತುವುದು, ಮುಖದಲ್ಲಿ ಭಾವ ಕಾಣದಿರುವುದು, ಮಾತು ಕಡಿಮೆಯಾಗುವುದು ಸಹ ಈ ಕಾಯಿಲೆಯ ಭಾಗವೇ. ಮಾತ್ರೆಗಳು ಇವುಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಇಲ್ಲಿ ಮನೆಯವರ ಪಾಲು ದೊಡ್ಡದು. ‘ದಿನವಿಡೀ ಬಿದ್ದಿರ್ತೀಯ’ ಎನ್ನುವ ಬದಲು ‘ಏಳು ಗಂಟೆಗೆ ಎದ್ದು ಹಾಲು ತಂದುಕೊಡು’ ಎನ್ನಿ. ಒಂದು ಕೆಲಸ, ಒಂದು ಹೊತ್ತು. ಎರಡು ವಾರ ನಡೆದರೆ ಇನ್ನೊಂದು ಸೇರಿಸಿ. ತಂದಾಗ ಒಂದು ಒಳ್ಳೆಯ ಮಾತಾಡಿ, ತರದಿದ್ದರೆ ಉಪನ್ಯಾಸ ಬೇಡ. 20 ವರ್ಷದವನಿಗೆ ತುತ್ತು ಮಾಡಿ ತಿನ್ನಿಸುವುದೂ ಬೇಡ. ಅಮ್ಮನಿಗೆ ಇದೇ ಹೆಚ್ಚು ಕಷ್ಟವಾಯಿತು.

ತಾನು ಏನೆಲ್ಲ ಕಳೆದುಕೊಂಡೆ ಎಂದು ಅರಿವಾಗುವ ಈ ಹಂತದಲ್ಲಿ ಆತ್ಮಹತ್ಯೆಯ ಅಪಾಯವೂ ಇದೆ. ‘ಸಾಯಬೇಕು ಅನ್ನಿಸ್ತದಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬನನ್ನೇ ಬಿಡದೆ ಅಂದೇ ವೈದ್ಯರಿಗೆ ತಿಳಿಸಿ.

ಹೆಜ್ಜೆ 5: ನಿಲ್ಲಿಸುವ ದಿನವನ್ನು ನೀವು ನಿರ್ಧರಿಸಬೇಡಿ

ಎಂಟನೇ ತಿಂಗಳಿಗೆ ಪ್ರಶ್ನೆ ಬಂದೇ ಬರುತ್ತದೆ: ಹುಷಾರಾಗಿದ್ದಾನೆ, ಇನ್ನೇಕೆ ಮಾತ್ರೆ? ಮೊದಲ ಸಲದ ಕಾಯಿಲೆಯಾದರೆ ಪೂರ್ತಿ ಗುಣವಾದ ಮೇಲೂ ಒಂದರಿಂದ ಎರಡು ವರ್ಷ ಮುಂದುವರಿಸುವುದು ರೂಢಿ. ಮರುಕಳಿಸಿದವರಿಗೆ ಇನ್ನೂ ಹೆಚ್ಚು ಕಾಲ ಬೇಕು. ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ವಾರಗಳ ಕಾಲ ಹಗುರ ಅನ್ನಿಸುತ್ತದೆ, ತಿಂಗಳುಗಳ ಮೇಲೆ ಕಾಯಿಲೆ ಮರಳುತ್ತದೆ. ಆಗ ಯಾರೂ ನಿಲ್ಲಿಸಿದ ಮಾತ್ರೆಯನ್ನು ನೆನೆಸಿಕೊಳ್ಳುವುದಿಲ್ಲ. ದಿನವೂ ನುಂಗುವುದು ಬೇಸರವಾದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳ ಬಗ್ಗೆ ಕೇಳಿ. ಕಾಫಿಯಲ್ಲಿ ಗುಟ್ಟಾಗಿ ಬೆರೆಸಬೇಡಿ. ಗೊತ್ತಾದ ದಿನ ವಿಷದ ಅನುಮಾನ ನಿಜವಾಗಿಬಿಡುತ್ತದೆ.

ಮರುಕಳಿಸುವ ಮುನ್ನ ಪ್ರತಿಯೊಬ್ಬರಲ್ಲೂ ಅವರದೇ ಸೂಚನೆಗಳು ಕಾಣುತ್ತವೆ, ಹೆಚ್ಚಾಗಿ ಮೊದಲ ಸಲ ಬಂದ ಕ್ರಮದಲ್ಲೇ. ಹೆಜ್ಜೆ 1ರ ಹಾಳೆ ಇಲ್ಲಿ ಮತ್ತೆ ಬೇಕಾಗುತ್ತದೆ. ಹುಷಾರಾಗಿರುವಾಗ ಪ್ರಶಾಂತನೇ ಕೂತು ಮೂರು ಗುರುತು ಬರೆದ: ಮೂರು ರಾತ್ರಿ ನಿದ್ದೆಯಿಲ್ಲದಿರುವುದು, ಫೋನ್ ಸ್ವಿಚ್ ಆಫ್, ಕಿವಿಗೆ ಹತ್ತಿ. ಎರಡು ಕಂಡರೆ ಅಪ್ಪ ವೈದ್ಯರಿಗೆ ಫೋನ್ ಮಾಡಬಹುದು, ತಾನು ಜಗಳ ಮಾಡುವುದಿಲ್ಲ ಎಂದೂ ಬರೆದ.

‘ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂಬ ಚಿಕ್ಕಪ್ಪನ ಸಲಹೆಗೆ ಈ ವರ್ಷ ಉತ್ತರ ಬೇಡ. ಮುಂದೆ ಮದುವೆಯಾದರೂ ಮುಚ್ಚಿಟ್ಟು ಮಾಡಬೇಡಿ, ಮುಚ್ಚಿಟ್ಟ ಮನೆಯಲ್ಲಿ ಮೊದಲು ನಿಲ್ಲುವುದೇ ಮಾತ್ರೆ. ಕಾಲೇಜಿಗೆ ಮರಳುವಾಗ ನಾಲ್ಕೂ ಬ್ಯಾಕ್‌ಲಾಗ್ ಒಟ್ಟಿಗೆ ಕಟ್ಟಿಸಬೇಡಿ. ಪ್ರಶಾಂತ ಮೊದಲ ಸಲ ಎರಡು ವಿಷಯ ಕಟ್ಟಿದ, ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಬೇಕೆಂಬ ಕರಾರಿನ ಮೇಲೆ.