ಏಳು ಅಂಶ ಇಳಿದದ್ದು ಯಾರಿಂದ?

ಬೆಂಗಳೂರಿನಲ್ಲಿ ಸಮೀಕ್ಷೆಗಳ ಅಂಕಿಅಂಶ ನೋಡುವ ಕೆಲಸಕ್ಕೆ ನಾನು ಸೇರಿದ ಹೊಸತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂಬ ಪ್ರಶ್ನೆ ಇದೆ. ಹೇಳದೆ ಹೊರಗೆ ಹೋದರೆ, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಹೀಗೆ ಏಳು ಕಾರಣ ಓದಿ ಕೇಳುತ್ತಾರೆ. ಒಂದಕ್ಕಾದರೂ 'ಹೌದು' ಎಂದ ಹೆಂಗಸರು 2005-06ರಲ್ಲಿ ಶೇ. 54, 2015-16ರಲ್ಲಿ ಶೇ. 52, 2019-21ರಲ್ಲಿ ಶೇ. 45. "ಹೊಸ ತಲೆಮಾರು ಬಂತು, ಮನೋಭಾವ ಬದಲಾಯಿತು" ಎಂದು ವರದಿಯಲ್ಲಿ ಬರೆದುಬಿಟ್ಟೆ.

ನಮ್ಮ ಮೇಡಂ ಓದಿ, "ಹೊಸಬರು ಎಷ್ಟು ಜನ ಬಂದ್ರು ಅಂತ ಎಣಿಸಿದ್ಯೇನಮ್ಮಾ?" ಎಂದರು.

ಎಣಿಸಿರಲಿಲ್ಲ. ಕೂತು ಎಣಿಸಿದೆ. ಸಮೀಕ್ಷೆ ಮಾತಾಡಿಸುವುದು 15ರಿಂದ 49 ವರ್ಷದವರನ್ನು, ಅಂದರೆ 35 ವಯಸ್ಸುಗಳು. ಕೊನೆಯ ಎರಡು ಸುತ್ತುಗಳ ನಡುವೆ ಸುಮಾರು ಐದು ವರ್ಷ. ಅಷ್ಟರಲ್ಲಿ ಮೇಲಿನ ಐದು ವಯಸ್ಸಿನವರು ಹೊರಗೆ ಹೋಗುತ್ತಾರೆ, ಕೆಳಗೆ ಐದು ವಯಸ್ಸಿನವರು ಸೇರುತ್ತಾರೆ. ಬದಲಾಗುವುದು ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲು ಮಾತ್ರ. ಆ ಒಂದು ಪಾಲಿನಿಂದಲೇ ಒಟ್ಟು ಲೆಕ್ಕ 7 ಅಂಶ ಇಳಿಯಬೇಕಾದರೆ, ಹೋದವರಿಗೂ ಬಂದವರಿಗೂ 49 ಅಂಶ ವ್ಯತ್ಯಾಸ ಇರಬೇಕು! ವಯಸ್ಸುವಾರು ಪಟ್ಟಿ ತೆಗೆದು ನೋಡಿದರೆ ಅದರ ಹತ್ತಿರಕ್ಕೂ ಇಲ್ಲ. ಇನ್ನು ವಯಸ್ಸಿನ ಪ್ರಭಾವ ಅನ್ನೋಣ ಅಂದರೆ, ಐದು ವರ್ಷದಲ್ಲಿ ದೇಶದ ವಯಸ್ಸಿನ ಹಂಚಿಕೆ ಅಷ್ಟೇನೂ ಕದಲುವುದಿಲ್ಲ. ಹಾಗಾದರೆ ಇದ್ದವರೇ ಉತ್ತರ ಬದಲಾಯಿಸಿದ್ದಾರೆ. ಅದು ಕಾಲದ ಪ್ರಭಾವ. ಇಲ್ಲವೇ ಕೇಳಿದ ರೀತಿ ಬದಲಾಗಿರಬೇಕು, ಅದನ್ನೂ ನೋಡಲೇಬೇಕು.

ನಿಧಾನವಾಗಿ ಆಗುವ ಬದಲಾವಣೆ ಇಷ್ಟು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಅದಕ್ಕೆ ನಾನು ಪಟ್ಟಿ ಪ್ರಿಂಟ್ ತೆಗೆದು ಕೆಂಪು ಪೆನ್ಸಿಲ್‌ನಲ್ಲಿ ಓರೆಗೆರೆ ಎಳೆಯುತ್ತೇನೆ. 2005-06ರ 20-24ರವರು 2015-16ರಲ್ಲಿ 30-34ರ ಸಾಲಿನಲ್ಲಿ ಸಿಗುತ್ತಾರೆ. ಅದೇ ಹೆಂಗಸರಲ್ಲ, ಅದೇ ವರ್ಷಗಳಲ್ಲಿ ಹುಟ್ಟಿದವರು. ಉದಾಹರಣೆಗೆ ಎರಡು ಕಡೆಯೂ 50 ಬಂತು ಅಂದುಕೊಳ್ಳಿ. "ಈ ತಲೆಮಾರು ಬದಲಾಗಲೇ ಇಲ್ಲ" ಅನ್ನಿಸುತ್ತದೆ ಅಲ್ವಾ? ಆದರೆ ಮದುವೆ, ಸಂಸಾರ ಅಂತ ವಯಸ್ಸು 6 ಅಂಶ ಏರಿಸಿ, ಕಾಲ 6 ಅಂಶ ಇಳಿಸಿದ್ದರೂ 50 ಬರುತ್ತದೆ. ಸಮೀಕ್ಷೆಯ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ವಯಸ್ಸು. ಎರಡು ಗೊತ್ತಾದರೆ ಮೂರನೆಯದು ತಾನಾಗಿಯೇ ಬಂದುಬಿಡುತ್ತದೆ, ಹೊಸದಾಗಿ ಏನೂ ಹೇಳುವುದಿಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಈ ಗಂಟು ಬಿಡುವುದಿಲ್ಲ. ವಯಸ್ಸು ಏನು ಮಾಡುತ್ತದೆ ಅನ್ನುವುದಕ್ಕೆ ಹೊರಗಿನ ಆಧಾರ ಬೇಕು. ಯಾವ ಆಧಾರ ಹಿಡಿದೆ ಅಂತ ಈಗ ವರದಿಯಲ್ಲೇ ಬರೆಯುತ್ತೇನೆ.

ಬೆಂಗಳೂರಿನ ಅಂಕಿ ಮಾತ್ರ ಇದ್ದರೆ ಓರೆಗೆರೆ ಎಳೆಯಲು ನನಗೆ ಧೈರ್ಯ ಬರುವುದಿಲ್ಲ. ಇಲ್ಲಿ ಇವತ್ತು ಸಿಗುವ 30-34ರವರಲ್ಲಿ ಎಷ್ಟೋ ಜನ ಹತ್ತು ವರ್ಷದ ಹಿಂದೆ ಈ ಊರಲ್ಲೇ ಇರಲಿಲ್ಲ. ಕೆಲಸಕ್ಕೆ ಬಂದವರು, ಮದುವೆಯಾಗಿ ಬಂದವರು. ಹುಟ್ಟಿದ ವರ್ಷ ಒಂದೇ, ಜನ ಬೇರೆ. ಅದಕ್ಕೇ ನಾವೇ ಪ್ರಶ್ನಾವಳಿ ಮಾಡುವಾಗ, ವಯಸ್ಸಿನ ಪಕ್ಕದಲ್ಲೇ "ಬೆಂಗಳೂರಿಗೆ ಯಾವ ವರ್ಷ ಬಂದಿರಿ?" ಅಂತ ಒಂದು ಸಾಲು ಸೇರಿಸುತ್ತೇನೆ.