ಲೇಥಿನ ಇನ್ನೊಂದು ಗಂಟೆಗೆ ಎಷ್ಟು ಕೊಡಬಹುದು?

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿ ವಾರಕ್ಕೆ ಲೇಥ್ 96 ಗಂಟೆ, ಮಿಲ್ಲಿಂಗ್ ಯಂತ್ರ 84 ಗಂಟೆ ಸಿಗುತ್ತದೆ. ಒಂದು ಬ್ಯಾಚ್ ಶಾಫ್ಟ್‌ಗೆ ಲೇಥಿನಲ್ಲಿ 2 ಗಂಟೆ, ಮಿಲ್ಲಿಂಗ್‌ನಲ್ಲಿ 1 ಗಂಟೆ ಬೇಕು. ಫ್ಲ್ಯಾಂಜ್‌ಗೆ ಇದು ತಿರುವುಮುರುವು. ವಾರಕ್ಕೆ 40 ಬ್ಯಾಚಿಗಿಂತ ಹೆಚ್ಚು ಶಾಫ್ಟ್ ಮಾರಾಟವಾಗುವುದಿಲ್ಲ.

ಮೊದಲು ಪ್ರತಿ ಬ್ಯಾಚಿನ ಉಳಿಕೆಯನ್ನು ಕಂಡುಹಿಡಿಯಬೇಕು. ಮಾರಾಟದ ಹಣದಲ್ಲಿ ಕಚ್ಚಾಮಾಲು, ಟೂಲ್, ವಿದ್ಯುತ್ತಿನ ಖರ್ಚನ್ನು ಮಾತ್ರ ಕಳೆಯಿರಿ. ಎಷ್ಟು ತಯಾರಿಸಿದರೂ ಬದಲಾಗದ ಬಾಡಿಗೆ, ತಿಂಗಳ ಸಂಬಳಗಳನ್ನು ಇಲ್ಲಿ ಸೇರಿಸಬಾರದು. ಶಾಫ್ಟ್‌ಗೆ ₹900, ಫ್ಲ್ಯಾಂಜ್‌ಗೆ ₹750 ಉಳಿಯಿತೆನ್ನೋಣ. ಶಾಫ್ಟ್ ಬ್ಯಾಚುಗಳನ್ನು x, ಫ್ಲ್ಯಾಂಜ್ ಬ್ಯಾಚುಗಳನ್ನು y ಎಂದು ಕರೆದರೆ ಲೆಕ್ಕ ಹೀಗಿರುತ್ತದೆ:

```
max 900x + 750y
2x + y <= 96
x + 2y <= 84
x <= 40
x, y >= 0
```

ಹೆಚ್ಚು ಹಣ ತರುವ ಶಾಫ್ಟ್‌ನಿಂದಲೇ ಆರಂಭಿಸೋಣವೆಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ 40 ಬ್ಯಾಚ್ ಶಾಫ್ಟ್ ಮಾಡಿದರೆ ಲೇಥಿನಲ್ಲಿ 16 ಗಂಟೆಯಷ್ಟೇ ಉಳಿದು, 16 ಬ್ಯಾಚ್ ಫ್ಲ್ಯಾಂಜ್ ಸೇರಿ ₹48,000 ಬರುತ್ತದೆ. ಮಿಲ್ಲಿಂಗ್ ಯಂತ್ರ 12 ಗಂಟೆ ಸುಮ್ಮನೆ ನಿಂತಿರುತ್ತದೆ. ಎರಡೂ ಯಂತ್ರಗಳ ಗಂಟೆಗಳು ಪೂರ್ತಿ ಮುಗಿಯುವಂತೆ ಮೊದಲ ಎರಡು ಮಿತಿಗಳನ್ನು ಸಮೀಕರಣಗಳಾಗಿ ಬಿಡಿಸಿದರೆ 36 ಶಾಫ್ಟ್, 24 ಫ್ಲ್ಯಾಂಜ್ ಎಂಬ ಉತ್ತರ ಸಿಕ್ಕಿ, ಉಳಿಕೆ ₹50,400 ಆಗುತ್ತದೆ. ಇದೇ ಗರಿಷ್ಠ.

ಈಗ ಲೇಥಿಗೆ ಒಂದು ಗಂಟೆ ಹೆಚ್ಚಿಸಿ, 97 ಎಂದು ಇಟ್ಟು ಮತ್ತೆ ಬಿಡಿಸಿ. ಶಾಫ್ಟ್ ಮೂರನೇ ಎರಡು ಬ್ಯಾಚ್ ಹೆಚ್ಚುತ್ತದೆ, ಫ್ಲ್ಯಾಂಜ್ ಮೂರನೇ ಒಂದು ಬ್ಯಾಚ್ ಕಡಿಮೆಯಾಗುತ್ತದೆ. ಒಟ್ಟು ಉಳಿಕೆ ₹50,750 ಆಗುತ್ತದೆ. ಹೆಚ್ಚಿದ ಈ ₹350 ಲೇಥ್ ಗಂಟೆಯ ನೆರಳು ಬೆಲೆ. ಮಿಲ್ಲಿಂಗ್ ಗಂಟೆಗೆ ಅದು ₹200. ಎಕ್ಸೆಲ್‌ನ ಸಾಲ್ವರ್‌ನಲ್ಲಿ Simplex LP ಆರಿಸಿ Sensitivity ವರದಿ ತೆಗೆದರೆ ಇದೇ ಅಂಕಿಗಳು Shadow Price ಕಾಲಂನಲ್ಲಿ ಕಾಣುತ್ತವೆ. ಬ್ಯಾಚುಗಳು ಪೂರ್ಣಾಂಕವಾಗಿರಬೇಕೆಂಬ ನಿಬಂಧನೆ ಹಾಕಿದರೆ ಆ ವರದಿ ಸಿಗುವುದಿಲ್ಲ.

ಅಂಕಿಯನ್ನು ಓದುವಾಗ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ₹350 ಅನ್ನೇ ಲಾಭವೆಂದು ತಿಳಿಯುವುದು. ಉಳಿಕೆಯಲ್ಲಿ ಕೂಲಿಯನ್ನು ಕಳೆದಿಲ್ಲವಾದ್ದರಿಂದ, ಓವರ್‌ಟೈಮ್ ಕೂಲಿ ಗಂಟೆಗೆ ₹280 ಆದರೆ ಕೈಗೆ ಬರುವುದು ₹70 ಮಾತ್ರ; ₹400 ಕೇಳಿದರೆ ಬೇಡವೆನ್ನಬೇಕು.

ಎರಡನೆಯದು, ನನ್ನ ದೃಷ್ಟಿಯಲ್ಲಿ ಹೆಚ್ಚು ದುಬಾರಿ ತಪ್ಪು: ಆ ಬೆಲೆ ಎಲ್ಲಿಯವರೆಗೆ ನಿಲ್ಲುತ್ತದೆಂದು ನೋಡದಿರುವುದು. ಅದೇ ವರದಿಯ Allowable Increase ಕಾಲಂನಲ್ಲಿ ಲೇಥಿಗೆ 6 ಎಂದಿರುತ್ತದೆ. 102 ಗಂಟೆಗೆ ಶಾಫ್ಟ್ 40ರ ಬೇಡಿಕೆಯನ್ನು ಮುಟ್ಟುತ್ತದೆ, ಫ್ಲ್ಯಾಂಜ್ 22ಕ್ಕೆ ಇಳಿಯುತ್ತದೆ. ಏಳನೆಯ ಗಂಟೆ ಕೊಂಡರೆ ಅದರಲ್ಲಿ ಮಾಡಲು ಕೆಲಸವೇ ಇರುವುದಿಲ್ಲ, ಅದರ ನೆರಳು ಬೆಲೆ ಸೊನ್ನೆ. ಆಗ ಕೊರತೆಯಾಗುವುದು ಮಿಲ್ಲಿಂಗ್‌ನದು: ಲೇಥಿನಲ್ಲಿ ಬಿಡುವಿರುವಷ್ಟು ಕಾಲ ಅಲ್ಲಿನ ಎರಡು ಹೆಚ್ಚುವರಿ ಗಂಟೆಗಳು ಒಂದು ಬ್ಯಾಚ್ ಫ್ಲ್ಯಾಂಜ್ ಕೊಡುವುದರಿಂದ, ಅದರ ಬೆಲೆ ₹200ರಿಂದ ₹375ಕ್ಕೆ ಏರಿರುತ್ತದೆ.