ತಲೆಗೆ ಪೆಟ್ಟು ಬಿದ್ದವರ ಕಣ್ಣಿಗೆ ಟಾರ್ಚ್ ಹಿಡಿದು ನೋಡಿ

ಮೂಡಿಗೆರೆ ಕಡೆ ಮೆಣಸು ಕೊಯ್ಲು ಶುರುವಾಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಹೋದ ವರ್ಷ ಪಕ್ಕದ ತೋಟದಲ್ಲಿ ಒಬ್ಬರು ಏಣಿಯಿಂದ ಬಿದ್ದರು. ಎದ್ದು ಕೂತು, ಕಾಫಿ ಕುಡಿದು, ಏನೂ ಆಗಿಲ್ಲ ಬಿಡಿ ಅಂದರು. ಎರಡು ಗಂಟೆ ಆದ ಮೇಲೆ ವಾಂತಿ, ತೂಕಡಿಕೆ. ಸುಸ್ತಾಗಿದೆ, ಮಲಗಲಿ ಅಂತ ಎಲ್ಲರೂ ಸುಮ್ನಿದ್ದರು. ಫೋನ್ ಟಾರ್ಚ್ ಹಾಕಿ ನೋಡಿದರೆ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದು, ಬೆಳಕಿಗೆ ಚಿಕ್ಕದಾಗಲೇ ಇಲ್ಲ. ಬುರುಡೆಯೊಳಗೆ ರಕ್ತ ಸೋರಿ ಮೆದುಳನ್ನು ಒತ್ತಿದಾಗ, ಪಾಪೆಯನ್ನು ಕಿರಿದು ಮಾಡುವ ನರ ಕೆಲಸ ನಿಲ್ಲಿಸುತ್ತದೆ, ಅದರಿಂದ ಹೀಗಾಗುತ್ತದೆ.

ಕೆಲವರಿಗೆ ಹುಟ್ಟಿನಿಂದಲೇ ಪಾಪೆಗಳಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಕಣ್ಣಿನ ಆಪರೇಷನ್ ಆದವರಿಗೂ ಇರಬಹುದು. ಆದರೆ ಪೆಟ್ಟು ಬಿದ್ದ ಮೇಲೆ ಕಂಡರೆ ಅದನ್ನೆಲ್ಲ ಯೋಚಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಪಾಪೆ ಎರಡೂ ಸರಿಯಾಗಿದ್ದರೂ ವಾಂತಿ, ತೂಕಡಿಕೆ ಇದ್ದರೆ ಹೊರಡಲೇಬೇಕು, ಯಾಕೆಂದರೆ ಪಾಪೆ ಬದಲಾಗುವುದು ತಡವಾಗಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಲು ಹೇಳಿ. ನೀರು, ಮಾತ್ರೆ ಏನೂ ಕೊಡಬೇಡಿ, ಕುತ್ತಿಗೆ ಅಲುಗಾಡಿಸಬೇಡಿ. ವಾಂತಿ ಬಂದರೆ ತಲೆ, ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ.

ಬೀಳದೆಯೇ ಮುಖದ ಒಂದು ಕಡೆ ಜೋತು ಬಿದ್ದರೆ ಅದು ಸ್ಟ್ರೋಕ್ ಇರಬಹುದು. ಆಗಲೂ 108, ಜೊತೆಗೆ ಶುರುವಾದ ಟೈಮ್ ಬರೆದಿಟ್ಟುಕೊಳ್ಳಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುತ್ತಾರೆ.